ಏಳು ಚುಕ್ಕಿ, ನಾಲ್ಕಕ್ಕೆ ನಿಲ್ಲಿಸಿ

ವರಮಹಾಲಕ್ಷ್ಮಿ ಹಬ್ಬಕ್ಕೆ ಇನ್ನೂ ವಾರವಿರುವಾಗಲೇ ಫೋನಿಗೆ ರಂಗೋಲಿಯ ಚಿತ್ರಗಳು ಬರತೊಡಗುತ್ತವೆ. ಒಂದಾದ ಮೇಲೊಂದು ಸರಿಸಿ ನೋಡುವ ಏಳೆಂಟು ಚಿತ್ರಗಳ ಸಾಲು: ಮೊದಲನೆಯದರಲ್ಲಿ ಬರೀ ಚುಕ್ಕಿ, ಕೊನೆಯದರಲ್ಲಿ ಬಣ್ಣ ತುಂಬಿದ ಕಮಲ. ಹೆಚ್ಚಿನವರು ಕೊನೆಯ ಚಿತ್ರ ನೋಡಿ ರಂಗೋಲಿ ಆರಿಸುತ್ತಾರೆ. ಚುಕ್ಕಿಯ ಚಿತ್ರವನ್ನು ಎಣಿಸಲೂ ನಿಲ್ಲದೆ ದಾಟಿಬಿಡುತ್ತಾರೆ. ಹಬ್ಬದ ಬೆಳಗ್ಗೆ ಬಾಗಿಲ ಮುಂದೆ ಕುಳಿತು ಬಿಡಿಸಿದರೆ ಕಮಲ ಉದ್ದಕ್ಕೆ ಎಳೆದಂತಾಗಿರುತ್ತದೆ, ಎರಡು ಎಸಳು ಒಂದರ ಮೇಲೊಂದು ಏರಿರುತ್ತವೆ, ಮೂಲೆಯಲ್ಲಿ ಎರಡು ಚುಕ್ಕಿ ದಿಕ್ಕಿಲ್ಲದೆ ಉಳಿದಿರುತ್ತವೆ. ಆಗ ಎಸಳನ್ನು ಒರೆಸಿ ಮತ್ತೆ ಎಳೆಯುತ್ತೇವೆ. ತಪ್ಪು ಇರುವುದು ಎಸಳಿನಲ್ಲಲ್ಲ, ಚುಕ್ಕಿ ಇಟ್ಟ ರೀತಿಯಲ್ಲಿ.

ಹಾಗಾಗಿ ಇಲ್ಲಿ ಒಂದೇ ಒಂದು ರಂಗೋಲಿಯನ್ನು ಹಿಡಿದುಕೊಂಡು, ಚುಕ್ಕಿಯಿಂದ ಬಣ್ಣದ ತನಕ ಹಂತ ಹಂತವಾಗಿ ಹೋಗೋಣ. ಅದು 7ರಿಂದ 4 ಸಂದು ಚುಕ್ಕಿಯ ಕಮಲ. ಲಕ್ಷ್ಮಿಯ ಹಬ್ಬಕ್ಕೆ ಒಪ್ಪುತ್ತದೆ, ಒಂದು ಮೊಳ ಜಾಗದಲ್ಲಿ ಮುಗಿಯುತ್ತದೆ, ಇಟ್ಟ ಚುಕ್ಕಿಯಲ್ಲಿ ಒಂದೂ ವ್ಯರ್ಥವಾಗುವುದಿಲ್ಲ.

ಮೊದಲು ಆ ಹೆಸರಿನ ಲೆಕ್ಕ. ನಡುವಿನ ಸಾಲಿನಲ್ಲಿ 7 ಚುಕ್ಕಿ. ಅದರ ಮೇಲಿನ ಸಾಲಿನಲ್ಲಿ 6, ಅದರ ಮೇಲೆ 5, ಕೊನೆಗೆ 4. ಕೆಳಗೂ ಹಾಗೆಯೇ 6, 5, 4. ಎಲ್ಲ ಸೇರಿ 37. ಸಂದು ಚುಕ್ಕಿ ಎಂದರೆ ಮೇಲಿನ ಸಾಲಿನ ಚುಕ್ಕಿ ಕೆಳಗಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ನೇರವಾಗಿ ಕೂರಬೇಕು. ನೇರ ಚುಕ್ಕಿಯಲ್ಲಾದರೆ ಚುಕ್ಕಿಯ ತಲೆಯ ಮೇಲೆಯೇ ಚುಕ್ಕಿ. ಈ ವ್ಯತ್ಯಾಸವೇ ಹೂವಿಗೆ ಎಷ್ಟು ಎಸಳು ಎಂಬುದನ್ನು ತೀರ್ಮಾನಿಸುತ್ತದೆ. ಸಂದು ಚುಕ್ಕಿಯನ್ನು ಸರಿಯಾಗಿ ಇಟ್ಟರೆ ನಡುವಿನ ಚುಕ್ಕಿಯ ಸುತ್ತ ಒಂದೇ ದೂರದಲ್ಲಿ ಆರು ಚುಕ್ಕಿ ಬರುತ್ತವೆ, ಆದ್ದರಿಂದ ಆರು ಎಸಳು ಸಹಜವಾಗಿ ಹುಟ್ಟುತ್ತವೆ. ನೇರ ಚುಕ್ಕಿಯಲ್ಲಿ ನಾಲ್ಕು ಮಾತ್ರ ಸಮದೂರದಲ್ಲಿರುತ್ತವೆ. ಓರೆಯ ನಾಲ್ಕು ಹೆಚ್ಚುಕಡಿಮೆ ಒಂದೂವರೆ ಪಟ್ಟು ದೂರ. ಅಲ್ಲಿ ಆರೆಸಳಿನ ಹೂ ಬಿಡಿಸಹೊರಟರೆ ಕೈ ಎಷ್ಟು ಪಳಗಿದ್ದರೂ ಸಮನಾಗದು.

ಇನ್ನು ನೆಲ. ಶ್ರಾವಣದ ಬೆಳಗು, ರಾತ್ರಿ ತುಂತುರು ಬಿದ್ದಿರುತ್ತದೆ. ಸಾಲದ್ದಕ್ಕೆ ಬಾಗಿಲಿಗೆ ನೀರು ಹಾಕಿ ಗುಡಿಸಿರುತ್ತೇವೆ. ಹಸಿ ನೆಲಕ್ಕೆ ಬಿದ್ದ ಪುಡಿ ನೀರು ಹೀರಿ ಬೂದುಬಣ್ಣಕ್ಕೆ ತಿರುಗಿ, ಎಳೆ ಅಗಲವಾಗಿಬಿಡುತ್ತದೆ. ಪೂರ್ತಿ ಒಣಗಿದ ನುಣುಪು ಕಲ್ಲಿನ ಮೇಲಾದರೆ ಪುಡಿ ಪುಟಿದು ಜಾರುತ್ತದೆ. ನೀರಿನ ಹೊಳಪು ಹೋಗಿ, ಅಂಗೈ ಒತ್ತಿದರೆ ತಂಪು ಹತ್ತಬೇಕು, ಒದ್ದೆ ಹತ್ತಬಾರದು. ಅದೇ ಹೊತ್ತು. ಒಂದು ಚಿಟಿಕೆ ಪುಡಿ ಮೂಲೆಯಲ್ಲಿ ಉದುರಿಸಿ ಊದಿ ನೋಡಿ: ಹಾರಬಾರದು, ಕಪ್ಪಾಗಲೂಬಾರದು. ಹಳ್ಳಿಯಲ್ಲಿ ಸಗಣಿ ಸಾರಿಸಿದ ನೆಲಕ್ಕೆ ಈ ಗುಣ ತಾನಾಗಿಯೇ ಬರುತ್ತದೆ. ಸಿಮೆಂಟು, ಟೈಲ್ಸ್ ಇರುವ ಕಡೆ ಕೆಮ್ಮಣ್ಣನ್ನು ತೆಳ್ಳಗೆ ಕಲಸಿ ಒಂದು ಮೊಳಕ್ಕಿಂತ ತುಸು ದೊಡ್ಡ ಚೌಕಕ್ಕೆ ಬಳಿದು ಆರಲು ಬಿಟ್ಟರೆ ಪುಡಿ ನಿಲ್ಲುತ್ತದೆ, ಬಿಳಿ ಎಳೆ ಎದ್ದೂ ಕಾಣುತ್ತದೆ. ಅಂಗಡಿಯ ರಂಗೋಲಿ ಪುಡಿ ಕಲ್ಲಿನದು, ತೂಕವಿದೆ, ಬೆರಳಿನಿಂದ ಸಲೀಸಾಗಿ ಇಳಿಯುತ್ತದೆ. ಬರೀ ಅಕ್ಕಿಹಿಟ್ಟು ಮಳೆಗಾಲದ ತೇವಕ್ಕೆ ಗಂಟುಕಟ್ಟುತ್ತದೆ. ಇರುವೆಗೂ ಒಂದು ಪಾಲು ಸಿಗಲಿ ಎಂದು ಅಕ್ಕಿಹಿಟ್ಟನ್ನೇ ಬಳಸುವವರು ಅದನ್ನು ಹಿಂದಿನ ದಿನ ಬೆಚ್ಚಗೆ ಹುರಿದು ಜರಡಿ ಹಿಡಿದಿಟ್ಟುಕೊಂಡರೆ ಒಳ್ಳೆಯದು.

ಈಗ ಮೊದಲ ಚಿತ್ರ, ಅಂದರೆ ಚುಕ್ಕಿ. ಇದಕ್ಕೆ ಉಳಿದೆಲ್ಲ ಹಂತಗಳಿಗಿಂತ ಹೆಚ್ಚು ಹೊತ್ತು ಕೊಡಬೇಕು.

ನಡುವಿನ 7ರ ಸಾಲನ್ನೇ ಮೊದಲು ಇಡಿ. ಮೇಲಿನ 4ರಿಂದ ಶುರುಮಾಡುವವರು ಬಹಳ ಮಂದಿ ಇದ್ದಾರೆ. ಹಾಗೆ ಮಾಡಿದರೆ ಮೊದಲ ಸಾಲಿನ ಸಣ್ಣ ಓರೆ ಎರಡನೆಯದಕ್ಕೆ ಹೋಗಿ, ಅಲ್ಲಿಂದ ಮೂರನೆಯದಕ್ಕೆ ಬೆಳೆದು, ಏಳನೆಯ ಸಾಲಿಗೆ ಬರುವಷ್ಟರಲ್ಲಿ ರಂಗೋಲಿ ಒಂದು ಬದಿಗೆ ವಾಲಿರುತ್ತದೆ. ನಡುವಿನಿಂದ ಹೊರಟರೆ ಒಂದೊಂದು ಕಡೆಗೆ ಮೂರೇ ಸಾಲು, ತಪ್ಪು ಬೆಳೆಯಲು ಅಷ್ಟು ಜಾಗವಿಲ್ಲ. ಬಾಗಿಲಿನ ಹೊಸ್ತಿಲಿಗೆ ಸಮನಾಗಿ, ಚುಕ್ಕಿಯಿಂದ ಚುಕ್ಕಿಗೆ ನಾಲ್ಕು ಬೆರಳು ಬಿಟ್ಟು ಏಳು ಚುಕ್ಕಿ ಇಡಿ. ಅಳತೆಗೆ ಕೈಯೇ ಸಾಕು: ನಾಲ್ಕು ಬೆರಳು ಕೂಡಿಸಿ ನೆಲದ ಮೇಲೆ ಹಿಡಿದರೆ ಒಂದು ಸಂದು. ಆರು ಸಂದು ಸೇರಿ 24 ಬೆರಳು, ಸರಿಯಾಗಿ ಒಂದು ಮೊಳ.

ಮುಂದಿನದು ಚಿತ್ರಗಳಲ್ಲಿ ಯಾರೂ ಬರೆಯದ ವಿಷಯ. ಸಾಲಿನಿಂದ ಸಾಲಿಗೆ ಎಷ್ಟು ದೂರ? ಚುಕ್ಕಿಗೆ ನಾಲ್ಕು ಬೆರಳಾದರೆ ಸಾಲಿಗೂ ನಾಲ್ಕು ಎಂದು ಕೈ ತಾನಾಗಿಯೇ ಅಳೆಯುತ್ತದೆ. ಅದು ತಪ್ಪು, ಸಾಲಿಗೆ ಮೂರೂವರೆ ಬೆರಳು ಸಾಕು. ಮೇಲಿನ ಚುಕ್ಕಿ ಸಂದಿಗೆ ಕೂರುವುದರಿಂದ ಅದು ಓರೆಯಾಗಿ ಎರಡು ಬೆರಳು ಪಕ್ಕಕ್ಕೂ ಸರಿದಿರುತ್ತದೆ. ಎರಡು ಬೆರಳು ಪಕ್ಕಕ್ಕೆ, ಮೂರೂವರೆ ಮೇಲಕ್ಕೆ ಹೋದರೆ ಓರೆಯ ದೂರ ನಾಲ್ಕು ಬೆರಳಿಗೆ ಬಂದು ನಿಲ್ಲುತ್ತದೆ. ಸಾಲಿಗೂ ನಾಲ್ಕು ಬಿಟ್ಟರೆ ಆರು ಸಾಲುಸಂದಿಗೆ ಮೂರು ಬೆರಳು ಹೆಚ್ಚಾಗಿ, ಹೂವು ಉದ್ದಕ್ಕೆ ಎಳೆದಂತೆ ಕಾಣುತ್ತದೆ. ಕಮಲ ಮೊಟ್ಟೆಯಾಕಾರಕ್ಕೆ ತಿರುಗುವುದರ ಹಿಂದಿನ ಕಾರಣ ಬಹುತೇಕ ಇದೊಂದೇ.

ನಡುಸಾಲಿನ ಮೇಲೊಂದು 6ರ ಸಾಲು, ಕೆಳಗೊಂದು 6ರ ಸಾಲು. ಆಮೇಲೆ ಮೇಲೆ 5, ಕೆಳಗೆ 5. ಕೊನೆಗೆ 4, 4. ಹೀಗೆ ಎರಡೂ ಕಡೆ ಸಮನಾಗಿ ಬೆಳೆಸಿ. ಚುಕ್ಕಿ ಸಾಸಿವೆಗಿಂತ ತುಸು ದೊಡ್ಡದಿದ್ದರೆ ಸಾಕು, ಮುಂದೆ ಎಳೆ ಅದರ ಮೇಲೆ ಹಾದು ಅದನ್ನು ನುಂಗಬೇಕು. ಮುಗಿದ ಮೇಲೆ ಎದ್ದು ನಿಂತು ನೋಡಿ. ನಡುವಿನ ಚುಕ್ಕಿಯ ಮೂಲಕ ಏಳೇಳು ಚುಕ್ಕಿಗಳ ಮೂರು ನೇರ ದಾರಿ ಕಾಣಬೇಕು: ಒಂದು ಅಡ್ಡಕ್ಕೆ, ಎರಡು ಓರೆಗೆ. ಕುಳಿತು ನೋಡಿದರೆ ಓರೆದಾರಿಯ ಸೊಟ್ಟ ಗೊತ್ತಾಗುವುದಿಲ್ಲ. ದಾರಿ ಎಲ್ಲಿ ಮುರಿದಿದೆಯೋ ಅಲ್ಲಿಯ ಚುಕ್ಕಿಯನ್ನು ಈಗಲೇ ಒರೆಸಿ ಸರಿಸಿ. ಎಳೆ ಬಿದ್ದ ಮೇಲೆ ಸಾಧ್ಯವಿಲ್ಲ.

ಎರಡನೆಯ ಹಂತ ಸಣ್ಣದು. ನಡುವಿನ ಚುಕ್ಕಿಯ ಸುತ್ತ ಹೆಬ್ಬೆರಳಿನ ಅಗಲದ ಒಂದು ವೃತ್ತ. ಬಹಳ ಚಿತ್ರಗಳಲ್ಲಿ ಇದು ಇರುವುದಿಲ್ಲ, ಎಸಳುಗಳು ನೇರವಾಗಿ ಚುಕ್ಕಿಯಿಂದಲೇ ಹೊರಡುತ್ತವೆ. ಕಾಗದದ ಮೇಲೆ ಪೆನ್ನಿನಲ್ಲಿ ಅದು ಚೆನ್ನ. ನೆಲದ ಮೇಲೆ ಆರು ಎಸಳಿನ ಹನ್ನೆರಡು ಎಳೆಗಳು ಒಂದೇ ಬಿಂದುವಿಗೆ ಬಂದು ಸೇರಿದರೆ ಅಲ್ಲಿ ಪುಡಿ ಗುಡ್ಡೆಯಾಗುತ್ತದೆ. ವೃತ್ತವಿದ್ದರೆ ಎಳೆಗಳು ಅದರ ಅಂಚಿನಲ್ಲೇ ನಿಲ್ಲುತ್ತವೆ, ಒಳಗೆ ಅರಿಸಿನ ತುಂಬಲು ಜಾಗವೂ ಉಳಿಯುತ್ತದೆ.

ಮೂರನೆಯ ಹಂತ ಒಳಗಿನ ಆರು ಎಸಳು. ನಡುಸಾಲಿನಲ್ಲಿ ಎಡದಿಂದ ಎಣಿಸಿದರೆ ನಾಲ್ಕನೆಯದು ನಡುಚುಕ್ಕಿ. ಆರನೆಯ ಚುಕ್ಕಿ ಬಲ ಎಸಳಿನ ತುದಿ, ಎರಡನೆಯದು ಎಡ ಎಸಳಿನ ತುದಿ. ಐದನೆಯ ಮತ್ತು ಮೂರನೆಯ ಚುಕ್ಕಿಗಳನ್ನು ಮುಟ್ಟಬಾರದು, ಅವು ಎಸಳಿನ ಹೊಟ್ಟೆಯೊಳಗೆ ಕಾಳಾಗಿ ಉಳಿಯುತ್ತವೆ. ವೃತ್ತದಿಂದ ಹೊರಟ ಎಳೆ ಆ ಕಾಳಿನ ಒಂದು ಪಕ್ಕದಿಂದ ಬಾಗಿ ತುದಿಗೆ ಬರಲಿ, ಇನ್ನೊಂದು ಎಳೆ ಮತ್ತೊಂದು ಪಕ್ಕದಿಂದ. ಓರೆಯ ನಾಲ್ಕು ಎಸಳಿಗೆ ತುದಿಗಳು 5ರ ಸಾಲುಗಳಲ್ಲಿವೆ: ಮೇಲಿನ ಸಾಲಿನ ಎರಡನೆಯ, ನಾಲ್ಕನೆಯ ಚುಕ್ಕಿ; ಕೆಳಗಿನ ಸಾಲಿನದೂ ಅವೇ. ಅವುಗಳ ಕಾಳು 6ರ ಸಾಲಿನ ಮೂರನೆಯ, ನಾಲ್ಕನೆಯ ಚುಕ್ಕಿಗಳು.

ಎಸಳು ಎಷ್ಟು ದಪ್ಪ ಇರಬೇಕು? ಕಾಳು ಇರುವ ಜಾಗದಲ್ಲಿ ಅತಿ ಅಗಲ, ಅಲ್ಲಿ ಒಟ್ಟು ಮೂರು ಬೆರಳು. ನಾಲ್ಕೂವರೆ ದಾಟಿದರೆ ಪಕ್ಕದ ಎಸಳಿಗೆ ತಗುಲುತ್ತದೆ. ಮೂರಕ್ಕೆ ನಿಂತರೆ ಎರಡು ಎಸಳುಗಳ ನಡುವೆ ಸಣ್ಣ ಖಾಲಿ ಉಳಿದು ಹೂವು ಬಿಡಿಯಾಗಿ ಕಾಣುತ್ತದೆ. ಬಲ ಎಸಳು ಮುಗಿದೊಡನೆ ಎಡದ್ದು, ಆಮೇಲೆ ಓರೆಯ ಎದುರುಬದುರು ಜೋಡಿಗಳು. ಸುತ್ತುತ್ತ ಒಂದರ ಪಕ್ಕ ಒಂದು ಬರೆದರೆ ಎಸಳು ಬರಬರುತ್ತಾ ದಪ್ಪವಾಗಿ, ಕೊನೆಯದಕ್ಕೆ ಜಾಗವೇ ಇರುವುದಿಲ್ಲ.

ಎಳೆ ಬಿಡುವಾಗ ಪುಡಿಯನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಹೆಬ್ಬೆರಳನ್ನು ಹಿಂದಕ್ಕೆ ಸವರುತ್ತ ಬಿಡಬೇಕು. ಕೈ ನೆಲದಿಂದ ಒಂದು ಬೆರಳಿನಷ್ಟು ಮೇಲಿರಲಿ. ಹೆಚ್ಚು ಎತ್ತಿದರೆ ಎಳೆ ಚದುರುತ್ತದೆ, ನೆಲಕ್ಕೆ ತಗುಲಿಸಿದರೆ ಬೆರಳೇ ಎಳೆಯನ್ನು ಅಳಿಸುತ್ತದೆ. ಒಂದು ಚಿಟಿಕೆಯಲ್ಲಿ ಒಂದು ಎಳೆ ಪೂರ್ತಿಯಾಗುವಷ್ಟು ಪುಡಿ ತೆಗೆದುಕೊಳ್ಳಿ. ಎಳೆಯ ನಡುವೆ ಪುಡಿ ತೀರಿ ಮತ್ತೆ ಶುರುಮಾಡಿದ ಜಾಗ ಗಂಟಿನಂತೆ ಎದ್ದು ಕಾಣುತ್ತದೆ.

ನಾಲ್ಕನೆಯ ಹಂತದಲ್ಲಿ ಹೂವು ಕಮಲವಾಗುತ್ತದೆ. ಒಳ ಎಸಳುಗಳ ನಡುವೆ, ಹಿಂದಿನಿಂದ ಇಣುಕುವಂತೆ, ಆರು ಹೊರ ಎಸಳು. ಮೇಲ್ಗಡೆಯದನ್ನು ಮೊದಲು ಮಾಡಿ, ಅದು ಕಣ್ಣಿಗೆ ಸುಲಭ. ಮೇಲಿನ 5ರ ಸಾಲಿನ ಎರಡನೆಯ ಚುಕ್ಕಿ, ಅಂದರೆ ಒಂದು ಒಳ ಎಸಳಿನ ತುದಿಯಿಂದ ಹೊರಡಿ. ಮೇಲಕ್ಕೆ ಬಾಗುತ್ತ 4ರ ಸಾಲಿನ ಎರಡನೆಯ ಚುಕ್ಕಿಯನ್ನು ಹಾದು, ಅದರ ಮತ್ತು ಮೂರನೆಯ ಚುಕ್ಕಿಯ ನಡುವೆ, ಸಾಲಿಗಿಂತ ಒಂದೂವರೆ ಬೆರಳು ಮೇಲೆ ಚೂಪಾದ ತುದಿ ಮಾಡಿ. ಈಗ ಇನ್ನೊಂದು ಬದಿಯಿಂದ: 5ರ ಸಾಲಿನ ನಾಲ್ಕನೆಯ ಚುಕ್ಕಿಯಿಂದ ಹೊರಟು, 4ರ ಸಾಲಿನ ಮೂರನೆಯದನ್ನು ಹಾದು ಅದೇ ತುದಿಗೆ. 5ರ ಸಾಲಿನ ಮೂರನೆಯ ಚುಕ್ಕಿ ಈ ಎಸಳಿನ ಕಾಳಾಗಿ ಒಳಗೆ ಉಳಿಯುತ್ತದೆ.

ಕಲಿಯುವವರು ಎಡವುವುದು ಇದರ ಪಕ್ಕದ ಎಸಳಿನಲ್ಲಿ. ಬಲಗಡೆಯ ಮೇಲಿನ ಎಸಳು ನಡುಸಾಲಿನ ಆರನೆಯ ಚುಕ್ಕಿಯಿಂದ ಹೊರಟು, 6ರ ಸಾಲಿನ ಕೊನೆಯದು, 5ರ ಸಾಲಿನ ಕೊನೆಯದು ಹಾದು, 5ರ ಸಾಲಿನ ನಾಲ್ಕನೆಯದಕ್ಕೆ ಸೇರಬೇಕು. ಓರೆಯಾಗಿರುವುದರಿಂದ ಕಣ್ಣು ದಾರಿ ತಪ್ಪಿ, 4ರ ಸಾಲಿನ ಮೂಲೆಚುಕ್ಕಿಗೋ ನಡುಸಾಲಿನ ಕೊನೆಯ ಚುಕ್ಕಿಗೋ ಎಳೆ ಹೋಗಿಬಿಡುತ್ತದೆ. ಇದಕ್ಕೆ ಲೆಕ್ಕ ಬಾಯಿಪಾಠ ಮಾಡಬೇಕಿಲ್ಲ. ಕುಳಿತ ಜಾಗದಿಂದ ಎದ್ದು ರಂಗೋಲಿಯ ಸುತ್ತ ಸರಿದು, ಮುಂದಿನ ಎಸಳು ನಿಮ್ಮ ಎದುರಿಗೆ ನೇರವಾಗಿ ಕಾಣುವಲ್ಲಿ ಕೂತುಕೊಳ್ಳಿ. ಸಂದು ಚುಕ್ಕಿಯ ಹಾಸನ್ನು ಆರು ದಿಕ್ಕಿನಿಂದ ನೋಡಿದರೂ ಅದು 4, 5, 6, 7 ಎಂದೇ ಕಾಣುತ್ತದೆ. ಆದ್ದರಿಂದ ಪ್ರತಿಯೊಂದು ಎಸಳೂ ಮೊದಲು ಬರೆದ ಮೇಲಿನ ಎಸಳೇ ಆಗುತ್ತದೆ, ಕೈಗೆ ಒಂದೇ ಚಲನೆ ಗೊತ್ತಿದ್ದರೆ ಸಾಕು. ಹಿರಿಯರು ರಂಗೋಲಿಯ ಸುತ್ತ ಸರಿಯುತ್ತ ಬಿಡಿಸುವುದನ್ನು ನೀವೂ ನೋಡಿರುತ್ತೀರಿ.

ಐದನೆಯ ಹಂತಕ್ಕೆ ಉಳಿದಿರುವುದು ಆರು ಮೂಲೆಚುಕ್ಕಿಗಳು: ನಡುಸಾಲಿನ ಎರಡು ತುದಿ, ಮೇಲಿನ 4ರ ಸಾಲಿನ ಎರಡು ತುದಿ, ಕೆಳಗಿನದರ ಎರಡು. ಪ್ರತಿಯೊಂದೂ ಎರಡು ಹೊರ ಎಸಳುಗಳ ನಡುವಿನ ತಗ್ಗಿನ ಎದುರಿಗೆ ನಿಂತಿದೆ. ಆ ತಗ್ಗಿನ ತಳದಿಂದ, ಅಂದರೆ ಒಳ ಎಸಳಿನ ತುದಿಯಿಂದ, ಎರಡು ಎಳೆ ಎಬ್ಬಿಸಿ ಮೂಲೆಚುಕ್ಕಿಯನ್ನು ಒಳಗಿಟ್ಟುಕೊಂಡು, ಅದರಾಚೆ ಎರಡು ಬೆರಳಿಗೆ ಕೂಡಿಸಿ. ಮೊಗ್ಗು ಆಯಿತು. ದೀಪಾವಳಿಗೆ ಇದನ್ನೇ ದೀಪದ ಕುಡಿಯಂತೆ ತುದಿ ಬಾಗಿಸಿ ಬರೆಯಬಹುದು.

ಈಗ ಎಣಿಸಿ. ನಡುವೆ 1, ಒಳ ಎಸಳಿನ ಕಾಳು 6, ಅವುಗಳ ತುದಿ 6, ಹೊರ ಎಸಳಿನ ಕಾಳು 6, ಹೊರ ಎಸಳಿನ ಎಳೆ ಹಾದ ಚುಕ್ಕಿ 12, ಮೊಗ್ಗಿನ ಒಳಗೆ 6. ಕೂಡಿಸಿದರೆ 37. ಎಲ್ಲಾದರೂ ಒಂದು ಚುಕ್ಕಿ ಕೆಲಸವಿಲ್ಲದೆ ಉಳಿದಿದ್ದರೆ ಅದರ ಪಕ್ಕದ ಎಳೆ ತಪ್ಪು ಚುಕ್ಕಿಗೆ ಹೋಗಿದೆ ಎಂದೇ ಅರ್ಥ. ಬಣ್ಣಕ್ಕೆ ಕೈಹಾಕುವ ಮೊದಲು ಈ ಎಣಿಕೆ ಮಾಡಿಕೊಳ್ಳಿ.

ಬಣ್ಣದ ಬಗ್ಗೆ ಎರಡೇ ಮಾತು. ನಡುವಿನಿಂದ ಹೊರಕ್ಕೆ ತುಂಬುತ್ತ ಬನ್ನಿ, ಇಲ್ಲವಾದರೆ ತುಂಬಿದ ಎಸಳಿನ ಮೇಲೆ ತೋಳು ಚಾಚಬೇಕಾಗುತ್ತದೆ, ಸೀರೆಯ ಸೆರಗು ಅರ್ಧ ಹೂವನ್ನು ಎಳೆದುಕೊಂಡು ಹೋಗುತ್ತದೆ. ಚಹಾ ಸೋಸುವ ಜರಡಿಯಲ್ಲಿ ಬಣ್ಣ ಹಾಕಿ ಬೆರಳಿನಿಂದ ತಟ್ಟಿದರೆ ಒಂದೇ ಸಮ ಬೀಳುತ್ತದೆ. ಒಳ ಎಸಳಿಗೆ ಗಾಢ ಗುಲಾಬಿ, ಹೊರ ಎಸಳಿಗೆ ಅದರಲ್ಲೇ ಬಿಳಿ ಪುಡಿ ಬೆರೆಸಿದ ತಿಳಿ ಗುಲಾಬಿ, ಮೊಗ್ಗಿಗೆ ಹಸಿರು: ಕಮಲಕ್ಕೆ ಇಷ್ಟು ಬೇಕಾದಷ್ಟಾಯಿತು. ಬಣ್ಣ ಬಿಳಿ ಎಳೆಯ ಮೇಲೆ ಸ್ವಲ್ಪ ಚೆಲ್ಲಿಯೇ ಚೆಲ್ಲುತ್ತದೆ. ಅದಕ್ಕೇ ಕೊನೆಯಲ್ಲಿ ಎಲ್ಲ ಎಳೆಗಳ ಮೇಲೆ ಬಿಳಿ ಪುಡಿಯಲ್ಲಿ ಮತ್ತೊಮ್ಮೆ ಹೋಗಬೇಕು, ಒಳಗುಳಿದ ಕಾಳುಗಳಿಗೆ ಒಂದೊಂದು ಚಿಟಿಕೆ ಬಿಳಿ ಇಡಬೇಕು. ಹಬ್ಬದ ದಿನ ಎರಡೆಳೆ ಬಿಡುವ ಪದ್ಧತಿ ಇರುವ ಮನೆಗಳಲ್ಲಿ ಈ ಹೊತ್ತಿನಲ್ಲೇ ಹೊರ ಎಸಳುಗಳ ಗುಂಟ ಎರಡನೆಯ ಎಳೆಯನ್ನೂ ಹಾಕಿಬಿಡಬಹುದು.

ಅಂಗಳ ದೊಡ್ಡದು, ಒಂದು ಮೊಳದ ಕಮಲ ಸಾಲದು ಎನ್ನುವವರು ಚುಕ್ಕಿಗಳ ಸಂದನ್ನು ಅಗಲಿಸಲು ಹೋಗುತ್ತಾರೆ. ಅದು ಕೆಲಸಕ್ಕೆ ಬರುವುದಿಲ್ಲ. ಮಣಿಕಟ್ಟು ಒಂದೇ ಬೀಸಿಗೆ ಬಾಗಿಸಬಲ್ಲ ಎಳೆ ಒಂದು ಗೇಣಿನ ಆಸುಪಾಸು. ಸಂದು ಗೇಣಿನಷ್ಟಾದರೆ ಎಸಳಿನ ಎಳೆ ಎರಡು ಗೇಣಿಗೆ ಹೋಗಿ ನಡುಗುತ್ತದೆ. ಸಂದು ನಾಲ್ಕು ಬೆರಳಿನಲ್ಲೇ ಇರಲಿ, ಸುತ್ತು ಹೆಚ್ಚಿಸಿ. 7ರಿಂದ 4ಕ್ಕೆ ಹೊರಗೊಂದು ಸುತ್ತು ಚುಕ್ಕಿ ಸೇರಿಸಿದರೆ 9ರಿಂದ 5, ಒಟ್ಟು 61 ಚುಕ್ಕಿ. ಇನ್ನೊಂದು ಸುತ್ತಿಗೆ 11ರಿಂದ 6, ಒಟ್ಟು 91. ಪ್ರತಿ ಸುತ್ತಿಗೂ ಹಿಂದಿನ ಸುತ್ತಿಗಿಂತ ಆರು ಚುಕ್ಕಿ ಹೆಚ್ಚು ಬೇಕು: 6, 12, 18, 24, 30. ಫ್ಲ್ಯಾಟಿನ ಬಾಗಿಲಲ್ಲಿ ಕಾಲಿಡಲು ಜಾಗ ಬಿಡಬೇಕೆಂದರೆ 5ರಿಂದ 3, ಬರೀ 19 ಚುಕ್ಕಿ. ಅಲ್ಲಿ ಹೊರ ಎಸಳು ಬಿಟ್ಟು, ಒಳ ಎಸಳುಗಳ ಸಂದಿಯ ಆರು ಚುಕ್ಕಿಗೆ ಮೊಗ್ಗು ಬರೆದರೆ ಆಯಿತು.

ಹೀಗೆ ಸಣ್ಣ ನಿಯಮದಿಂದ ಸುತ್ತು ಸುತ್ತಾಗಿ ಬೆಳೆಯುವ ಗುಣವೇ ಗಣಿತಜ್ಞರನ್ನೂ ಸೆಳೆದದ್ದು. ಮದ್ರಾಸಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ 1974ರಲ್ಲಿ ತಮಿಳುನಾಡಿನ ಕೋಲಗಳ ಮೇಲೆ ಒಂದು ಸಂಶೋಧನಾ ಲೇಖನ ಪ್ರಕಟಿಸಿದರು. ಭಾಷೆಗೆ ವ್ಯಾಕರಣವಿರುವಂತೆ ಕೋಲಕ್ಕೂ ಇದೆ, ಕೆಲವೇ ನಿಯಮಗಳನ್ನು ಮತ್ತೆ ಮತ್ತೆ ಹಚ್ಚಿ ಒಂದೇ ಬಗೆಯ ಸಣ್ಣ, ದೊಡ್ಡ ಕೋಲಗಳನ್ನು ಹುಟ್ಟಿಸಬಹುದು ಎಂದು ಅವರು ತೋರಿಸಿದರು. ಮುಂದೆ ಕಂಪ್ಯೂಟರಿನಲ್ಲಿ ಚಿತ್ರವಿನ್ಯಾಸಗಳನ್ನು ನಿಯಮಗಳಿಂದ ಬೆಳೆಸುವ ಅಧ್ಯಯನದಲ್ಲಿ ಕೋಲಕ್ಕೆ ಒಂದು ಸ್ಥಾನ ಸಿಕ್ಕಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಬಾಗಿಲಿಗೆ ಬರೆದ ಈ ಕಮಲವನ್ನೇ ಕಲಶದ ಕೆಳಗೂ ಬರೆಯೋಣ ಎನಿಸಬಹುದು. ಕಲಶಕ್ಕೆ ರೂಢಿಯಲ್ಲಿರುವುದು ಅಷ್ಟದಳ, ಎಂಟು ಎಸಳಿನದು. ಸಂದು ಚುಕ್ಕಿಯಲ್ಲಿ ಎಂಟು ಬರುವುದಿಲ್ಲ. ಅದಕ್ಕೆ ಹೃದಯಕಮಲದ ದಾರಿ ಹಿಡಿಯಿರಿ: ನಡುವೆ ಒಂದು ಚುಕ್ಕಿ, ಅಲ್ಲಿಂದ ಎಂಟು ದಿಕ್ಕಿಗೆ ಐದೈದು ಚುಕ್ಕಿ. ಒಂದು ದಿಕ್ಕಿನ 1ನೆಯ ಚುಕ್ಕಿಯಿಂದ ಪಕ್ಕದ ದಿಕ್ಕಿನ 3ಕ್ಕೆ, ಅದರ ಮುಂದಿನದರ 5ಕ್ಕೆ, ಆಮೇಲೆ 2ಕ್ಕೆ, 4ಕ್ಕೆ, ಮತ್ತೆ 1ಕ್ಕೆ, ಹೀಗೆ ಒಂದೇ ಕಡೆಗೆ ಸುತ್ತುತ್ತ ಹೋಗಿ. ದಿಕ್ಕು ಎಂಟು, ಚುಕ್ಕಿ ಐದು. ಎರಡಕ್ಕೂ ಸಾಮಾನ್ಯವಾದ ಭಾಜಕವಿಲ್ಲದ್ದರಿಂದ ಎಳೆ 40 ಚುಕ್ಕಿಗಳನ್ನೂ ಒಂದೊಂದು ಸಲ ಮುಟ್ಟಿ, ಎಲ್ಲೂ ಕಡಿಯದೆ, ಹೊರಟ ಜಾಗಕ್ಕೇ ಬಂದು ಸೇರುತ್ತದೆ.

ರಂಗೋಲಿಯ ಹಂತಗಳನ್ನು ಬಿಡಿಸಿ ಚಿತ್ರ ತೆಗೆದು ಹಂಚುವವರಲ್ಲಿ ಒಂದು ಕೋರಿಕೆ. ಹಿಂದೆ ವಾರಪತ್ರಿಕೆಗಳ ರಂಗೋಲಿ ಪುಟದಲ್ಲಿ ಚಿತ್ರದ ಕೆಳಗೆ ಚುಕ್ಕಿಯ ಲೆಕ್ಕವಿರುತ್ತಿತ್ತು, ನೇರವೋ ಸಂದೋ ಎಂದು ಬರೆದಿರುತ್ತಿದ್ದರು. ನಿಮ್ಮ ಮೊದಲ ಚಿತ್ರದ ಕೆಳಗೂ ಅದನ್ನು ಬರೆಯಿರಿ, ಜೊತೆಗೆ ಚುಕ್ಕಿಗೆ ಎಷ್ಟು ಬೆರಳು, ಸಾಲಿಗೆ ಎಷ್ಟು ಬೆರಳು ಎಂಬುದನ್ನೂ ಸೇರಿಸಿ. ಎರಡು ಸಾಲಿನ ಆ ಮಾಹಿತಿ ಇಲ್ಲದೆ ಉಳಿದ ಏಳು ಚಿತ್ರಗಳನ್ನು ನೋಡಿ ಯಾರೂ ನೆಲದ ಮೇಲೆ ಬಿಡಿಸಲಾರರು.